ನೂರರ ಟಿಕೆಟ್ಟಿಗೆ ಕೊನೆಗೆ ಎಷ್ಟಾಗುತ್ತದೆ? ಹೊತ್ತು, ಸಾಲು, ಬುಕಿಂಗ್ ಶುಲ್ಕ ಮೂರನ್ನೂ ಒಟ್ಟಿಗೆ ತೂಗುವ ಬಗೆ

ನಾಲ್ವರು ಒಂದು ಸಿನಿಮಾಕ್ಕೆ ಹೊರಟಿದ್ದಾರೆ ಎಂದುಕೊಳ್ಳಿ. ಮೊಬೈಲಿನಲ್ಲಿ ಅದೇ ಚಿತ್ರಕ್ಕೆ, ಅದೇ ಚಿತ್ರಮಂದಿರದಲ್ಲಿ ನಾಲ್ಕು ದಾರಿಗಳು ಕಾಣುತ್ತವೆ. ಶನಿವಾರ ಸಂಜೆ ಹಿಂಬದಿಯ ನಡು ಸಾಲು, ಅದೇ ಆಟಕ್ಕೆ ಮುಂದಿನ ಅಗ್ಗದ ಸಾಲು, ವಾರದ ನಡುವಿನ ಬೆಳಗಿನ ಆಟ, ಇಲ್ಲವೇ ನೇರವಾಗಿ ಕೌಂಟರಿಗೆ ಹೋಗಿ ಕೊಳ್ಳುವುದು. ಈ ನಾಲ್ಕರಲ್ಲಿ ಯಾವುದು ಅಗ್ಗ ಎಂಬುದು ಮೊದಲ ಪುಟದಲ್ಲಿ ಬರೆದ ದರದಿಂದ ತಿಳಿಯುವುದಿಲ್ಲ. ಹಣ ಕಟ್ಟುವ ಕೊನೆಯ ಪುಟದವರೆಗೂ ಹೋಗಿ ನೋಡಿದಾಗ ಮಾತ್ರ ತಿಳಿಯುತ್ತದೆ. ಆ ಪುಟಕ್ಕೆ ಬರುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರು ಮನಸ್ಸು ಮಾಡಿಯಾಗಿರುತ್ತದೆ.

ಲೆಕ್ಕ ಸುಲಭವಾಗಲಿ ಎಂದು ಶನಿವಾರ ಸಂಜೆಯ ಒಳ್ಳೆಯ ಸೀಟಿನ ದರವನ್ನು 100 ಎಂದು ಇಟ್ಟುಕೊಳ್ಳುತ್ತೇನೆ. ಉಳಿದ ಎಲ್ಲ ಅಂಕಿಗಳೂ ಆ ನೂರಕ್ಕೆ ಹೋಲಿಸಿದವು. ಇವು ಯಾವ ಚಿತ್ರಮಂದಿರದ ನಿಜವಾದ ದರಗಳೂ ಅಲ್ಲ. ನಿಮ್ಮಲ್ಲಿ ನಡೆಯುವ ದರವನ್ನು ಅದೇ ಜಾಗದಲ್ಲಿಟ್ಟು ಲೆಕ್ಕ ಮಾಡಿಕೊಳ್ಳಬಹುದು.

ಒಂದೇ ಚಿತ್ರಕ್ಕೆ ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ ಏಕೆ

ಚಿತ್ರಮಂದಿರಕ್ಕೆ ಒಂದು ಆಟ ನಡೆಸುವ ಖರ್ಚು ಹತ್ತು ಜನ ಬಂದರೂ ಇನ್ನೂರು ಜನ ಬಂದರೂ ಹೆಚ್ಚುಕಡಿಮೆ ಒಂದೇ. ಪ್ರೊಜೆಕ್ಟರ್, ಹವಾನಿಯಂತ್ರಣ, ಬಾಡಿಗೆ, ಸಿಬ್ಬಂದಿಯ ಸಂಬಳ ಯಾವುದೂ ಖಾಲಿ ಸೀಟಿನಿಂದ ಕಡಿಮೆಯಾಗುವುದಿಲ್ಲ. ದೀಪ ಆರಿದ ಮೇಲೆ ಖಾಲಿ ಉಳಿದ ಸೀಟನ್ನು ನಾಳೆಗೆ ಎತ್ತಿಟ್ಟು ಮಾರಲು ಬರುವುದಿಲ್ಲ. ಹೀಗಾಗಿ ವಾರದ ನಡುವಿನ ಬೆಳಗಿನ ಆಟಕ್ಕೆ ಅರ್ಧ ದರಕ್ಕೆ ಬರುವ ಒಬ್ಬ ಪ್ರೇಕ್ಷಕನೂ ಚಿತ್ರಮಂದಿರಕ್ಕೆ ಲಾಭವೇ. ಶನಿವಾರ ಸಂಜೆ ಹಾಗಲ್ಲ. ಆಗ ಸೀಟು ಹೇಗೂ ತುಂಬುತ್ತದೆ, ದರ ಇಳಿಸಿದರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆ, ಅಷ್ಟೇ.

ಇದರ ಹಿಂದೆ ಇನ್ನೊಂದು ಎಣಿಕೆಯೂ ಇದೆ. ಬೆಳಿಗ್ಗೆ ಬಿಡುವಿರುವವರು ಮತ್ತು ಸಂಜೆ ಮಾತ್ರ ಬಿಡುವಿರುವವರು ಬೇರೆ ಬೇರೆ ಜನ. ವಿದ್ಯಾರ್ಥಿಗಳು, ನಿವೃತ್ತರು, ಪಾಳಿಯಲ್ಲಿ ದುಡಿಯುವವರು ಹೊತ್ತನ್ನು ಹೊಂದಿಸಿಕೊಳ್ಳಬಲ್ಲರು, ದರದ ಕಡೆಗೂ ಅವರ ಕಣ್ಣಿರುತ್ತದೆ. ಕಚೇರಿ, ಶಾಲೆ ಮುಗಿಸಿ ಮನೆಮಂದಿಯನ್ನೆಲ್ಲ ಹೊರಡಿಸುವವರಿಗೆ ಆ ಅವಕಾಶವಿಲ್ಲ, ಆದ್ದರಿಂದ ಅವರು ಹೆಚ್ಚು ಕೊಡುತ್ತಾರೆ. ‘ನೀನು ಎಷ್ಟು ಕೊಡಬಲ್ಲೆ’ ಎಂದು ಯಾರನ್ನೂ ನೇರವಾಗಿ ಕೇಳಲಾಗದು, ಆ ಪ್ರಶ್ನೆಯನ್ನು ಗಡಿಯಾರ ಕೇಳುತ್ತದೆ.

ವಾರಗಳು ಕಳೆದಂತೆ ದರ ಇಳಿಯುವುದಕ್ಕೆ ಕಾರಣ ತುಸು ಬೇರೆ. ಟಿಕೆಟ್ಟಿನ ಹಣವನ್ನು ಚಿತ್ರಮಂದಿರ ಮತ್ತು ವಿತರಕರು ಹಂಚಿಕೊಳ್ಳುತ್ತಾರೆ. ಹಲವು ಒಪ್ಪಂದಗಳಲ್ಲಿ ಮೊದಲ ವಾರ ವಿತರಕರ ಪಾಲು ದೊಡ್ಡದು, ಮುಂದಿನ ವಾರಗಳಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಮೊದಲ ವಾರಾಂತ್ಯದಲ್ಲಿ ಬೇಡಿಕೆಯೂ ಅತಿ ಹೆಚ್ಚು, ದರ ಇಳಿಸದಂತೆ ವಿತರಕರ ಒತ್ತಡವೂ ಹೆಚ್ಚು. ಮೂರನೆಯ ವಾರಕ್ಕೆ ಬೇಡಿಕೆ ತಗ್ಗಿರುತ್ತದೆ, ಮಾರಾಟವಾದ ಪ್ರತಿ ಟಿಕೆಟ್ಟಿನಲ್ಲಿ ಚಿತ್ರಮಂದಿರಕ್ಕೆ ಸಿಗುವ ಪಾಲು ಹಿಗ್ಗಿರುತ್ತದೆ. ಇದರ ಜೊತೆಗೆ ತಿಂಡಿ, ಪಾನೀಯಗಳ ಮಾರಾಟದ ಹಣ ವಿತರಕರ ಪಾಲಿಗೆ ಹೋಗುವುದಿಲ್ಲ. ಅಗ್ಗದ ಟಿಕೆಟ್ ಕೊಟ್ಟಾದರೂ ಜನರನ್ನು ಒಳಗೆ ಕರೆತರುವ ಆಸೆ ಚಿತ್ರಮಂದಿರಕ್ಕೆ ಇರುವುದು ಇದರಿಂದಲೇ. ಮೊದಲ ದಿನವೇ ನೋಡಲೇಬೇಕೆಂಬ ಹಟವಿಲ್ಲದಿದ್ದರೆ ಎರಡನೆಯ ಅಥವಾ ಮೂರನೆಯ ವಾರದ ಕೆಲಸದ ದಿನವನ್ನು ಆರಿಸಿಕೊಳ್ಳಿ. ಆದರೆ ಅಷ್ಟರಲ್ಲಿ ಚಿತ್ರ ಚಿಕ್ಕ ತೆರೆಗೆ ಸರಿದಿರಬಹುದು, ಆಟಗಳೂ ಕಡಿಮೆಯಾಗಿರಬಹುದು. ಬುಕ್ ಮಾಡುವ ಮುನ್ನ ಯಾವ ತೆರೆ ಎಂದು ನೋಡಿಕೊಳ್ಳಬೇಕು.

ಸಾಲು: ಬೆಲೆಯ ಗೆರೆ ಎಲ್ಲಿದೆ, ನೋಟದ ಗೆರೆ ಎಲ್ಲಿದೆ

ಸೀಟಿನ ವಿಷಯದಲ್ಲಿ ತುಸು ನಿಧಾನಿಸುತ್ತೇನೆ, ಏಕೆಂದರೆ ಉಳಿತಾಯದ ಅತಿ ಸುಲಭದ ದಾರಿ ಇಲ್ಲಿದೆ, ಹೆಚ್ಚಿನವರು ಅದನ್ನು ಬಿಟ್ಟುಕೊಡುತ್ತಾರೆ.

ಬೆಲೆ ಮೆಟ್ಟಿಲಿನಂತೆ ಏರುತ್ತದೆ. ಒಂದು ಸಾಲಿನವರೆಗೆ 70, ಅದರ ಹಿಂದಿನ ಸಾಲಿನಿಂದ 100. ಕಣ್ಣಿಗೆ ಕಾಣುವ ನೋಟ ಹಾಗೆ ಜಿಗಿಯುವುದಿಲ್ಲ, ಇಳಿಜಾರಿನಂತೆ ಮೆಲ್ಲಗೆ ಬದಲಾಗುತ್ತದೆ. ಒಂದು ಉದಾಹರಣೆ ನೋಡಿ. ತೆರೆ 15 ಮೀಟರ್ ಅಗಲವಿದೆ, ಸಾಲುಗಳ ನಡುವೆ 1.2 ಮೀಟರ್ ಅಂತರವಿದೆ ಎಂದುಕೊಳ್ಳಿ. ತೆರೆಯಿಂದ 20 ಮೀಟರ್ ದೂರದಲ್ಲಿ ಕುಳಿತವನ ಕಣ್ಣಿಗೆ ತೆರೆ ಸುಮಾರು 41 ಡಿಗ್ರಿ ಅಗಲವಾಗಿ ಕಾಣುತ್ತದೆ. ಒಂದು ಸಾಲು ಹಿಂದೆ ಕುಳಿತವನಿಗೆ ಸುಮಾರು 39 ಡಿಗ್ರಿ. ಈ ಎರಡು ಡಿಗ್ರಿಯ ವ್ಯತ್ಯಾಸ ಅಕ್ಕಪಕ್ಕದ ಸಾಲಿನಲ್ಲಿ ಕುಳಿತವರ ಅರಿವಿಗೇ ಬರುವುದಿಲ್ಲ. ಬೆಲೆಯ ಗೆರೆ ಅವರಿಬ್ಬರ ನಡುವೆ ಬಿದ್ದಿದ್ದರೆ ಒಬ್ಬನು 70 ಕೊಟ್ಟಿರುತ್ತಾನೆ, ಇನ್ನೊಬ್ಬನು 100.

ಹಾಗಾಗಿ ಸೀಟಿನ ನಕ್ಷೆ ತೆರೆದ ಕೂಡಲೇ ನಾನು ಮೊದಲು ಹುಡುಕುವುದು ಅಗ್ಗದ ದರದ ಕೊನೆಯ ಸಾಲನ್ನು. ಅದರ ನಡುವಿನ ಸೀಟುಗಳು ಖಾಲಿ ಇದ್ದರೆ, ಆ ಆಟಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ.

ಇದಕ್ಕೊಂದು ಮಿತಿಯಿದೆ. ಬೆಲೆಯ ಗೆರೆ ತೀರಾ ಮುಂದೆ ಬಿದ್ದಿದ್ದರೆ ಆ ಕೊನೆಯ ಸಾಲೂ ತೆರೆಗೆ ಹತ್ತಿರವೇ. ಅಲ್ಲಿ ತೊಂದರೆ ಕೊಡುವುದು ಅಗಲಕ್ಕಿಂತ ಎತ್ತರ. ತೆರೆಯ ಮೇಲಂಚನ್ನು ನೋಡಲು ಕಣ್ಣನ್ನು ಸುಮಾರು 35 ಡಿಗ್ರಿಗಿಂತ ಹೆಚ್ಚು ಮೇಲೆತ್ತಬೇಕಾದರೆ ಎರಡು ಗಂಟೆಯಲ್ಲಿ ಕುತ್ತಿಗೆ ನೋಯುತ್ತದೆ. ಇನ್ನೊಂದು ತುದಿಯಲ್ಲಿ, ತೀರಾ ಹಿಂದೆ ಕುಳಿತರೆ ತೆರೆ ಕಿರಿದಾಗುತ್ತದೆ. ತೆರೆ ಕನಿಷ್ಠ 30 ಡಿಗ್ರಿ ಅಗಲವಾಗಿ ಕಾಣಬೇಕೆಂಬುದು ಚಿತ್ರಮಂದಿರ ಕಟ್ಟುವವರು ಬಹುಕಾಲದಿಂದ ಬಳಸುವ ಅಳತೆ. ತೆರೆಯ ಅಗಲದ ಹೆಚ್ಚುಕಡಿಮೆ 1.9 ಪಟ್ಟು ದೂರಕ್ಕೆ ಈ ಮಿತಿ ಮುಗಿಯುತ್ತದೆ, ನಮ್ಮ 15 ಮೀಟರ್ ತೆರೆಗೆ ಅದು ಸುಮಾರು 28 ಮೀಟರ್. ಧ್ವನಿಯನ್ನು ಹೊಂದಿಸುವ ತಂತ್ರಜ್ಞರು ಸಾಮಾನ್ಯವಾಗಿ ಮೈಕ್ ಇಡುವುದು ತೆರೆಯಿಂದ ಸಭಾಂಗಣದ ಮೂರನೇ ಎರಡು ಭಾಗ ದೂರದ ನಡುಜಾಗದಲ್ಲಿ. ಆದ್ದರಿಂದ ಅತ್ಯಂತ ಹಿಂದಿನ ಸಾಲು ಅತಿ ದುಬಾರಿಯಾಗಿದ್ದರೂ ನೋಟಕ್ಕಾಗಲಿ ಕಿವಿಗಾಗಲಿ ಅದೇ ಅತ್ಯುತ್ತಮ ಎಂದೇನಿಲ್ಲ. ಅಲ್ಲಿ ಕೆಲವೊಮ್ಮೆ ನಾವು ಹಣ ಕೊಡುತ್ತಿರುವುದು ಒರಗುವ ಕುರ್ಚಿಗೆ. ಬೇಕಿದ್ದರೆ ಧಾರಾಳವಾಗಿ ಕೊಡಬಹುದು, ಆದರೆ ಕೊಡುತ್ತಿರುವುದು ಕುರ್ಚಿಗೆ ಎಂದು ತಿಳಿದಿರಬೇಕು.

ಸಾಲಿಗೊಂದು ದರ ಎಂಬುದು ಎಲ್ಲೆಡೆಯೂ ನಿಂತ ಪದ್ಧತಿಯಲ್ಲ. ಅಮೆರಿಕದ ದೊಡ್ಡ ಚಿತ್ರಮಂದಿರ ಸರಣಿ ಎಎಂಸಿ 2023ರ ಆರಂಭದಲ್ಲಿ ನಡುವಿನ ಸೀಟಿಗೆ ಹೆಚ್ಚು, ಮುಂದಿನ ಸಾಲಿಗೆ ಕಡಿಮೆ ಎಂಬ ದರವನ್ನು ಪರೀಕ್ಷೆಗೆ ತಂದಿತು, ಜುಲೈಯಲ್ಲಿ ಕೈಬಿಟ್ಟಿತು. ದರ ಇಳಿಸಿದರೂ ಮುಂದಿನ ಸಾಲಿಗೆ ಜನ ಬರಲಿಲ್ಲ, ಪ್ರತಿಸ್ಪರ್ಧಿಗಳೂ ಆ ದಾರಿ ಹಿಡಿಯಲಿಲ್ಲ. ಕುತ್ತಿಗೆ ನೋಯಿಸುವ ಸೀಟು ಅಗ್ಗವಾದರೂ ಬೇಡವೆಂದು ಜನರು ಸ್ಪಷ್ಟವಾಗಿ ಹೇಳಿದಂತಾಯಿತು.

ಶುಲ್ಕದ ಪದರಗಳು

ಈಗ ಕೊನೆಯ ಪುಟ. ‘ಅನುಕೂಲ ಶುಲ್ಕ’, ‘ಬುಕಿಂಗ್ ಶುಲ್ಕ’, ‘ಸೇವಾ ಶುಲ್ಕ’ ಎಂದು ಹೆಸರು ಏನೇ ಇರಲಿ, ಅದರೊಳಗೆ ನಾಲ್ಕು ಬಗೆಯ ಮೊತ್ತಗಳು ಇರಬಹುದು: ಪ್ರತಿ ಟಿಕೆಟ್ಟಿಗೆ ನಿಗದಿಯಾದದ್ದು, ಟಿಕೆಟ್ ದರದ ಶೇಕಡಾವಾರು, ಒಂದು ಬುಕಿಂಗಿಗೆ ಒಮ್ಮೆ ಮಾತ್ರ ಹಾಕುವುದು, ಮತ್ತು ಈ ಶುಲ್ಕಗಳ ಮೇಲಿನ ತೆರಿಗೆ. ಎಷ್ಟೋ ಕಡೆ ಇವೆಲ್ಲವನ್ನೂ ಒಟ್ಟುಗೂಡಿಸಿ ಒಂದೇ ಅಂಕಿಯಾಗಿ ತೋರಿಸುತ್ತಾರೆ. ಪಕ್ಕದ ಚಿಕ್ಕ ಬಾಣದ ಗುರುತನ್ನು ಒತ್ತಿದರೆ ಮಾತ್ರ ವಿವರ ತೆರೆದುಕೊಳ್ಳುತ್ತದೆ.

ನಮ್ಮ ನಾಲ್ವರಿಗೆ ಪ್ರತಿ ಟಿಕೆಟ್ಟಿಗೆ 10, ಪ್ರತಿ ಬುಕಿಂಗಿಗೆ 8, ಶುಲ್ಕದ ಮೇಲೆ ಶೇ. 20 ತೆರಿಗೆ ಎಂದು ಇಟ್ಟುಕೊಳ್ಳೋಣ. ನಾಲ್ಕು ಟಿಕೆಟ್ಟಿಗೆ ಶುಲ್ಕ 40, ಬುಕಿಂಗಿಗೆ 8, ಸೇರಿ 48. ಅದರ ಮೇಲೆ ತೆರಿಗೆ 9.6. ಒಟ್ಟು 57.6. ಈ ಮೊತ್ತ ನೀವು ಯಾವ ಆಟ, ಯಾವ ಸಾಲು ಆರಿಸಿದರೂ ಬದಲಾಗುವುದಿಲ್ಲ.

| ಆಯ್ಕೆ | ನಾಲ್ಕು ಟಿಕೆಟ್ | ಶುಲ್ಕ | ಒಟ್ಟು | ಒಬ್ಬರಿಗೆ |
|---|---|---|---|---|
| ಶನಿವಾರ ಸಂಜೆ, ನಡು ಸಾಲು | 400 | 57.6 | 457.6 | 114.4 |
| ಶನಿವಾರ ಸಂಜೆ, ಅಗ್ಗದ ದರದ ಕೊನೆಯ ಸಾಲು | 280 | 57.6 | 337.6 | 84.4 |
| ವಾರದ ನಡುವೆ ಬೆಳಗಿನ ಆಟ | 200 | 57.6 | 257.6 | 64.4 |
| ಶನಿವಾರ ಸಂಜೆ, ನಡು ಸಾಲು, ಕೌಂಟರಿನಲ್ಲಿ | 400 | 0 | 400 | 100 |

ಕೋಷ್ಟಕದ ಮೊದಲ ಸಾಲಿನಲ್ಲಿ ಶುಲ್ಕ ಟಿಕೆಟ್ ದರದ ಶೇ. 14ರಷ್ಟಿದೆ. ಬೆಳಗಿನ ಆಟದಲ್ಲಿ ಅದೇ ಶುಲ್ಕ ಶೇ. 29 ಆಗುತ್ತದೆ. ‘ಅರ್ಧ ದರ’ ಎಂದು ಹೊರಟವರಿಗೆ ನಿಜವಾಗಿ ಆದ ಉಳಿತಾಯ ಸುಮಾರು ಶೇ. 44. ಬೆಳಗಿನ ಆಟ ಈಗಲೂ ಅಗ್ಗವೇ, ಆದರೆ ಬರೆದಷ್ಟು ಅಗ್ಗವಲ್ಲ. ನಿಗದಿತ ಶುಲ್ಕ ಹೆಚ್ಚು ನೋಯಿಸುವುದು ಅಗ್ಗದ ಟಿಕೆಟ್ ಹುಡುಕಿಕೊಂಡು ಬಂದವರನ್ನೇ, ಇದು ನನಗೆ ಬೇಸರ ತರಿಸುವ ಸಂಗತಿ.

ಒಬ್ಬರೇ ಹೋಗುವವರ ಪಾಡು ಇನ್ನೂ ಕಷ್ಟ. ಬೆಳಗಿನ ಆಟದ ಒಂದು ಟಿಕೆಟ್ಟಿಗೆ 50, ಶುಲ್ಕ 10 ಮತ್ತು 8, ತೆರಿಗೆ 3.6. ಒಟ್ಟು 71.6. ಟಿಕೆಟ್ಟಿನ ಶೇ. 43ರಷ್ಟು ಶುಲ್ಕಕ್ಕೇ ಹೋಯಿತು. ಗೆಳೆಯರು ತಮ್ಮ ತಮ್ಮ ಮೊಬೈಲಿನಲ್ಲಿ ಪ್ರತ್ಯೇಕವಾಗಿ ಕೊಂಡರೆ ಬುಕಿಂಗ್ ಶುಲ್ಕ ಅಷ್ಟು ಸಲ ಬೀಳುತ್ತದೆ. ನಾಲ್ವರು ಎರಡೆರಡಾಗಿ ಕೊಂಡರೆ ತೆರಿಗೆ ಸೇರಿ 9.6 ಹೆಚ್ಚು. ಒಬ್ಬರು ಎಲ್ಲರಿಗೂ ಕೊಂಡು ಆಮೇಲೆ ಹಂಚಿಕೊಳ್ಳುವುದು ಅಕ್ಕಪಕ್ಕ ಕೂರಲಷ್ಟೇ ಅಲ್ಲ, ಹಣ ಉಳಿಸಲೂ ನೆರವಾಗುತ್ತದೆ.

ಶುಲ್ಕ ಶೇಕಡಾವಾರು ಆಗಿದ್ದರೆ ಚಿತ್ರ ಬೇರೆ. ಶೇ. 12 ಎಂದರೆ 100ರ ಟಿಕೆಟ್ಟಿಗೆ 12, 50ರ ಟಿಕೆಟ್ಟಿಗೆ 6. ಆಗ ಅಗ್ಗದ ಆಟಕ್ಕೆ ಅನ್ಯಾಯವಾಗುವುದಿಲ್ಲ, ಆದರೆ ಒಳ್ಳೆಯ ಸೀಟಿಗೆ ಏರಿದಂತೆ ಶುಲ್ಕವೂ ಏರುತ್ತದೆ. ಹಾಗಾದರೆ ನಿಮ್ಮ ಮುಂದಿರುವುದು ಯಾವ ಬಗೆ ಎಂದು ತಿಳಿಯುವುದು ಹೇಗೆ? ಮೂರು ಸಲ ಕೊನೆಯ ಪುಟದವರೆಗೆ ಹೋಗಿ ಬಂದರೆ ಸಾಕು. ಮೊದಲು ಅಗ್ಗದ ಒಂದು ಟಿಕೆಟ್, ಆಮೇಲೆ ಅಗ್ಗದ ಎರಡು, ಕೊನೆಗೆ ದುಬಾರಿಯ ಒಂದು. ನಮ್ಮ ಉದಾಹರಣೆಯಲ್ಲಿ ಮೊದಲನೆಯದಕ್ಕೆ ಶುಲ್ಕ 21.6, ಎರಡನೆಯದಕ್ಕೆ 33.6. ವ್ಯತ್ಯಾಸ 12, ಅಂದರೆ ತೆರಿಗೆ ಸೇರಿ ಪ್ರತಿ ಟಿಕೆಟ್ಟಿನ ಶುಲ್ಕ ಅಷ್ಟು. ಮೊದಲನೆಯದರಲ್ಲಿ ಆ 12 ಕಳೆದರೆ ಉಳಿಯುವ 9.6 ಬುಕಿಂಗಿನದು. ಮೂರನೆಯ ಸಲವೂ 21.6 ಬಂದರೆ ಶೇಕಡಾವಾರು ಇಲ್ಲವೆಂದು ಖಚಿತ. ಹೆಚ್ಚು ಬಂದರೆ ಆ ಹೆಚ್ಚಳವೇ ಶೇಕಡಾವಾರಿನ ಗುರುತು, ಇಲ್ಲವೇ ದರದ ಹಂತಕ್ಕೆ ತಕ್ಕಂತೆ ಶುಲ್ಕ ಏರುತ್ತದೆ ಎಂದರ್ಥ. ಹೀಗೆ ನೋಡುವಾಗ ಆರಿಸಿದ ಸೀಟುಗಳು ಕೆಲವು ನಿಮಿಷ ನಿಮ್ಮ ಹೆಸರಿನಲ್ಲಿ ತಡೆದಿರುತ್ತವೆ. ಹಿಂದಕ್ಕೆ ಹೋಗಿ ಬಿಡಿಸದಿದ್ದರೆ ಇತರರಿಗೂ ಸಿಗುವುದಿಲ್ಲ, ಮುಂದಿನ ಪ್ರಯತ್ನದಲ್ಲಿ ನಿಮಗೂ ಅವು ಮಾರಾಟವಾದಂತೆ ಕಾಣುತ್ತವೆ. ತುಂಬುತ್ತಿರುವ ಆಟದ ಮೇಲೆ ಈ ಪರೀಕ್ಷೆ ಬೇಡ, ಖಾಲಿ ಇರುವ ಬೇರೊಂದು ಆಟದ ಮೇಲೆ ಮಾಡಿ.

ಈ ಶುಲ್ಕವನ್ನು ಟಿಕೆಟ್ ದರದೊಳಗೇ ಏಕೆ ಸೇರಿಸುವುದಿಲ್ಲ? ಒಂದು ಕಾರಣ ಹಣದ ಹಂಚಿಕೆ. ಟಿಕೆಟ್ ದರದಲ್ಲಿ ವಿತರಕರಿಗೋ ಕಲಾವಿದರಿಗೋ ಪಾಲಿದೆ. ಪ್ರತ್ಯೇಕವಾಗಿ ಹಾಕಿದ ಶುಲ್ಕ ಸಾಮಾನ್ಯವಾಗಿ ಮಾರುವ ಜಾಲತಾಣಕ್ಕೆ ಸೇರುತ್ತದೆ, ಎಷ್ಟೋ ಸಲ ಅದರಲ್ಲೊಂದು ಭಾಗ ಸಭಾಂಗಣದ ಮಾಲೀಕರಿಗೂ ಹೋಗುತ್ತದೆ. ಹಾಗಾಗಿ ಅದು ಜಾಲತಾಣ ನಡೆಸುವ ಖರ್ಚು ಮಾತ್ರ ಎಂದುಕೊಳ್ಳಬಾರದು. ಇನ್ನೊಂದು ಕಾರಣ ನಮ್ಮ ಮನಸ್ಸು. ಟಿಕೆಟ್ ಮರುಮಾರಾಟದ ಜಾಲತಾಣ ಸ್ಟಬ್‌ಹಬ್ 2015ರಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿತು. ಕೆಲವರಿಗೆ ಶುಲ್ಕ ಸೇರಿದ ದರವನ್ನು ಮೊದಲೇ ತೋರಿಸಿದರು, ಕೆಲವರಿಗೆ ಕೊನೆಯ ಪುಟದಲ್ಲಿ ಮಾತ್ರ. ಕೊನೆಯಲ್ಲಿ ಕಂಡವರು ಸುಮಾರು ಶೇ. 21 ಹೆಚ್ಚು ಖರ್ಚು ಮಾಡಿದರು, ಕೊಂಡು ಮುಗಿಸುವ ಸಾಧ್ಯತೆಯೂ ಅವರಲ್ಲಿ ಶೇ. 14ರಷ್ಟು ಹೆಚ್ಚಿತ್ತು. ಅವರು ಆರಿಸಿದ ಸೀಟುಗಳೂ ಹೆಚ್ಚು ದುಬಾರಿ. ಒಮ್ಮೆ ಸೀಟು ಆರಿಸಿ ‘ಇದು ನನ್ನದು’ ಎನಿಸಿದ ಮೇಲೆ ಹಿಂದೆ ಸರಿಯುವುದು ಯಾರಿಗೂ ಸುಲಭವಲ್ಲ. ಅಮೆರಿಕದಲ್ಲಿ 2025ರ ಮೇ 12ರಿಂದ ಸಂಗೀತ ಕಾರ್ಯಕ್ರಮ, ಕ್ರೀಡೆ ಮುಂತಾದ ನೇರ ಕಾರ್ಯಕ್ರಮಗಳ ಟಿಕೆಟ್ಟಿಗೆ ಒಟ್ಟು ದರವನ್ನೇ ಮೊದಲು ತೋರಿಸಬೇಕೆಂಬ ನಿಯಮ ಬಂದಿರುವುದಕ್ಕೆ ಇದೇ ಹಿನ್ನೆಲೆ. ಅಂಥ ನಿಯಮವಿಲ್ಲದ ಕಡೆ, ಸೀಟು ಆರಿಸುವ ಮೊದಲೇ ಒಬ್ಬರಿಗೆ ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೊನೆಯ ಪುಟದ ಒಟ್ಟು ಮೊತ್ತವನ್ನು ಜನರ ಸಂಖ್ಯೆಯಿಂದ ಭಾಗಿಸಿ ಆ ಮಿತಿಗೆ ಹೋಲಿಸಿ.

ಅದೇ ಪುಟದಲ್ಲಿ ನೀವು ಕೇಳದೆಯೇ ಗುರುತು ಹಾಕಿರುವ ದೇಣಿಗೆ ಅಥವಾ ರದ್ದತಿ ರಕ್ಷಣೆ ಇರಬಹುದು. ರದ್ದತಿ ರಕ್ಷಣೆಗೆ 9 ಕೇಳುತ್ತಾರೆ, ರದ್ದಾದರೆ 75 ಹಿಂದಿರುಗಿಸುತ್ತಾರೆ ಎಂದಿದ್ದರೆ 9ನ್ನು 75ರಿಂದ ಭಾಗಿಸಿ: 0.12. ಎಂಟು ಸಲ ಬುಕ್ ಮಾಡಿದರೆ ಒಂದು ಸಲವಾದರೂ ಹೋಗಲಾಗದೆ ಉಳಿಯುವವರಿಗೆ ಮಾತ್ರ ಅದು ಸರಿದೂಗುತ್ತದೆ. ‘ಒಂದು ಕೊಂಡರೆ ಒಂದು ಉಚಿತ’ ಎಂಬ ಕೊಡುಗೆಗಳು ಸಾಮಾನ್ಯವಾಗಿ ಟಿಕೆಟ್ ದರಕ್ಕೆ ಅನ್ವಯಿಸುತ್ತವೆ, ಶುಲ್ಕಕ್ಕಲ್ಲ. ಉಚಿತ ಟಿಕೆಟ್ಟಿಗೂ 12 ಶುಲ್ಕ ಬಿದ್ದೇ ಬೀಳುತ್ತದೆ.

ಕೌಂಟರಿಗೆ ಯಾವಾಗ ಹೋಗಬೇಕು

ಕೋಷ್ಟಕದ ಕೊನೆಯ ಸಾಲು ಆಸೆ ಹುಟ್ಟಿಸುತ್ತದೆ: ಅದೇ ಸೀಟು, 57.6 ಉಳಿತಾಯ. ಚಿತ್ರಮಂದಿರ ನಡೆದು ಹೋಗುವಷ್ಟು ಹತ್ತಿರವಿದ್ದು, ಚಿತ್ರ ಬಿಡುಗಡೆಯಾಗಿ ಕೆಲವು ದಿನ ಕಳೆದಿದ್ದರೆ ಕೌಂಟರೇ ಸರಿ. ಹೋಗಿ ಬರುವ ಖರ್ಚು 57.6 ಮೀರಿದರೆ ಲಾಭವಿಲ್ಲ. ಅಪಾಯವನ್ನು ಅಳೆಯಲು ಸುಲಭದ ಉಪಾಯವಿದೆ. ಮನೆಯಿಂದ ಹೊರಡುವ ಮುನ್ನ ಮೊಬೈಲಿನಲ್ಲಿ ಸೀಟಿನ ನಕ್ಷೆ ತೆರೆಯಿರಿ, ಅರ್ಧ ಗಂಟೆ ಬಿಟ್ಟು ಮತ್ತೆ ತೆರೆಯಿರಿ. ಅಷ್ಟರಲ್ಲಿ ಎಷ್ಟು ಸೀಟು ತುಂಬಿದವು ಎಂಬುದನ್ನು ನಿಮ್ಮ ಪ್ರಯಾಣದ ಅವಧಿಗೆ ಹಿಗ್ಗಿಸಿ ನೋಡಿ. ಕೊನೆಯ ಒಂದು ಗಂಟೆಯಲ್ಲಿ ಮಾರಾಟ ವೇಗ ಪಡೆಯುವುದರಿಂದ ಬಂದ ಸಂಖ್ಯೆಯನ್ನು ದುಪ್ಪಟ್ಟು ಮಾಡಿಕೊಳ್ಳುವುದು ಒಳ್ಳೆಯದು. ನಾಲ್ಕು ಸೀಟು ಒಟ್ಟಿಗೆ ಉಳಿಯುವಂತೆ ತೋರದಿದ್ದರೆ ಶುಲ್ಕ ಕೊಟ್ಟುಬಿಡಿ. ಕೌಂಟರಿನಲ್ಲೂ ಶುಲ್ಕ ಹಾಕುವ ಕಡೆಗಳಿವೆ. ಮೊದಲ ಸಲ ಹೋಗುವಾಗ ರಸೀದಿಯನ್ನು ಪೂರ್ತಿ ಓದಿ.

ಸಂಗೀತ, ನಾಟಕ, ಕ್ರೀಡೆ: ಕಾಯಬೇಕೋ, ಈಗಲೇ ಕೊಳ್ಳಬೇಕೋ

ಸಿನಿಮಾ ದರ ಬುಕಿಂಗ್ ಶುರುವಾದ ಮೇಲೆ ಸಾಮಾನ್ಯವಾಗಿ ಹೆಚ್ಚು ಅಲುಗಾಡುವುದಿಲ್ಲ. ಕೊನೆಯ ಗಳಿಗೆಯಲ್ಲಿ ಇಳಿಸುವ ಅಭ್ಯಾಸ ಮಾಡಿದರೆ ಎಲ್ಲರೂ ಕಾಯಲು ಕಲಿಯುತ್ತಾರೆಂಬ ಅಂಜಿಕೆ ಚಿತ್ರಮಂದಿರಗಳಿಗೆ ಇದೆ. ನೇರ ಕಾರ್ಯಕ್ರಮಗಳಲ್ಲಿ ಬೇಡಿಕೆಗೆ ತಕ್ಕಂತೆ ದರ ಬದಲಾಗುವುದು ಈಗ ಸಾಮಾನ್ಯ. ಅಮೆರಿಕದ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 2009ರಲ್ಲಿ ಕೆಲವು ಸೀಟುಗಳಿಗೆ ಇದನ್ನು ಪರೀಕ್ಷಿಸಿ, ಮರುವರ್ಷ ಇಡೀ ಕ್ರೀಡಾಂಗಣಕ್ಕೆ ವಿಸ್ತರಿಸಿತು.

ಕಾಯುವುದು ಫಲಿಸುವುದು ಸೀಟು ಉಳಿಯುವ ಸಾಧ್ಯತೆಯಿದ್ದಾಗ. ಒಂದೇ ನಾಟಕ ವಾರಕ್ಕೆ ಹಲವು ಪ್ರದರ್ಶನ ಕಾಣುತ್ತಿದ್ದರೆ ಇಂದು ಸಿಗದಿದ್ದರೂ ನಾಳೆಯಿದೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 1973ರಿಂದ ನಡೆಯುತ್ತಿರುವ ಟಿಕೆಟಿಎಸ್ ಕೌಂಟರ್ ಅದೇ ದಿನದ ಉಳಿದ ಟಿಕೆಟ್ಟುಗಳನ್ನು ಅರ್ಧ ದರದವರೆಗೂ ಇಳಿಸಿ ಮಾರುವುದು ಈ ಕಾರಣಕ್ಕೇ. ಒಂದೇ ರಾತ್ರಿಯ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಈ ತಂತ್ರ ಬೇಡ. ಅಲ್ಲಿ ಮಾರಾಟ ತೆರೆದ ಮೊದಲ ಗಂಟೆಯಲ್ಲಿ, ಮೊದಲೇ ಬರೆದಿಟ್ಟ ಮಿತಿಯೊಳಗೆ ಸಿಕ್ಕರೆ ಕೊಳ್ಳಬೇಕು. ಸರದಿಯಲ್ಲಿ ಕಾಯುವಾಗಲೇ ದರ ಏರಿ ಮಿತಿ ಮೀರಿದರೆ ಸರದಿಯಿಂದ ಹೊರಬರಬೇಕು. ಕಷ್ಟವಾದರೂ ಅದೇ ಸರಿ.

ಇಂಥ ಕಡೆ ಅಗ್ಗದ ಸೀಟು ಆರಿಸುವಾಗ ‘ನೋಟಕ್ಕೆ ಅಡ್ಡಿ’ ಎಂಬ ಟಿಪ್ಪಣಿ ಇದೆಯೇ ನೋಡಿ. ಕಂಬ, ಧ್ವನಿವರ್ಧಕದ ಗೋಪುರ, ಕಟಕಟೆ ಯಾವುದೂ ಅಡ್ಡವಿರಬಹುದು. ಸಮತಟ್ಟಾದ ನೆಲದ ದುಬಾರಿ ಜಾಗಕ್ಕಿಂತ ಪಕ್ಕದ ಎತ್ತರದ ಮೆಟ್ಟಿಲಿನ ಮೊದಲ ಸಾಲುಗಳಿಂದ ಎಷ್ಟೋ ಸಲ ವೇದಿಕೆ ಚೆನ್ನಾಗಿ ಕಾಣುತ್ತದೆ. ಎತ್ತರ ಕಡಿಮೆಯಿರುವವರಿಗೂ ಮಕ್ಕಳನ್ನು ಕರೆದೊಯ್ಯುವವರಿಗೂ ಇದು ಬಹಳ ಮುಖ್ಯ.

ರದ್ದಾದರೆ ಏನಾಗುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ಓದಿ. ಒಮ್ಮೆ ನಾನು ಮನೆಯವರಿಗೆಂದು ಕೊಂಡ ಕಾರ್ಯಕ್ರಮ ಹಿಂದಿನ ದಿನ ರದ್ದಾಯಿತು. ಟಿಕೆಟ್ಟಿನ ಹಣ ಎರಡು ವಾರದಲ್ಲಿ ಬಂತು, ಶುಲ್ಕ ಬರಲಿಲ್ಲ. ಕೇಳಿದಾಗ ‘ಬುಕಿಂಗ್ ಸೇವೆಯನ್ನು ನೀಡಿಯಾಗಿದೆ’ ಎಂಬ ಉತ್ತರ ಸಿಕ್ಕಿತು. ನಿಯಮಗಳ ಪುಟದಲ್ಲಿ ನಿಜಕ್ಕೂ ಹಾಗೇ ಬರೆದಿತ್ತು. ಅಂದಿನಿಂದ ಕಾರ್ಯಕ್ರಮದ ಟಿಕೆಟ್ ಕೊಳ್ಳುವಾಗ ಎರಡು ಜಾಲತಾಣಗಳ ಒಟ್ಟು ದರ ಸಮೀಪವಿದ್ದರೆ, ರದ್ದಾದಾಗ ಶುಲ್ಕವನ್ನೂ ಹಿಂದಿರುಗಿಸುವುದಾಗಿ ಬರೆದಿರುವ ಕಡೆಯಿಂದಲೇ ಕೊಳ್ಳುತ್ತೇನೆ, ಶುಲ್ಕದ ವಿವರವಿರುವ ರಸೀದಿಯನ್ನು ಕಾರ್ಯಕ್ರಮ ಮುಗಿಯುವವರೆಗೂ ಉಳಿಸಿಕೊಂಡಿರುತ್ತೇನೆ.